ಕೆಲಸಕ್ಕೆ ಹೂಂ, ಸೇರುವ ದಿನ ಮಾತ್ರ ಸ್ವಲ್ಪ ಮುಂದಕ್ಕೆ: ಆ ಪತ್ರ ಬರೆಯುವುದು ಹೇಗೆ?

2026ರ ಜೂನ್ 4, ಗುರುವಾರ ಸಂಜೆ. ಅಕ್ಕನ ಮಗ ಫೋನ್ ಮಾಡಿದ. "ಮಾಮ, ಆಫರ್ ಲೆಟರ್ ಬಂತು. ಆದರೆ ಜುಲೈ 1ಕ್ಕೇ ಸೇರು ಅಂತ ಬರೆದಿದ್ದಾರೆ. ನನಗೆ ಇಲ್ಲಿ 60 ದಿನ ನೋಟಿಸ್ ಇದೆ. ಏನಂತ ಉತ್ತರ ಬರೀಲಿ?"

ಅವನು ಆಗ ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದ. ಹೊಸ ಕೆಲಸ ಸಿಕ್ಕಿದ್ದು ಕೋಲಾರದ ನರಸಾಪುರದಲ್ಲಿ. (ಒಂದು ನರಸಾಪುರ ಬಿಟ್ಟು ಇನ್ನೊಂದು ನರಸಾಪುರಕ್ಕೆ ಯಾಕಪ್ಪಾ ಹೋಗಬೇಕು ಅಂತ ಅಕ್ಕನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.) ನಾನು ತುಮಕೂರಿನಲ್ಲೇ ಹಲವು ವರ್ಷ ಎಚ್‌ಆರ್ ಕೆಲಸ ಮಾಡಿದವನು. ಇಂಥ ಪತ್ರಗಳನ್ನು ಮೇಜಿನ ಆಚೆ ಬದಿಯಿಂದ ಸಾಕಷ್ಟು ಓದಿದ್ದೇನೆ. ಅವನ ಪತ್ರವನ್ನು ನಾವಿಬ್ಬರೂ ಕೂತು ಬರೆದ ರೀತಿಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಂ ಪ್ರಕಾರ ಒಪ್ಪಿಗೆ ಅಂದರೆ ಪೂರ್ತಿ ಒಪ್ಪಿಗೆ. ಅದಕ್ಕೆ ಷರತ್ತು ಅಂಟಿಸಿದರೆ ಅದು ಒಪ್ಪಿಗೆ ಆಗುವುದಿಲ್ಲ, ನೀವು ಮುಂದಿಟ್ಟ ಹೊಸ ಪ್ರಸ್ತಾಪ ಆಗುತ್ತದೆ. ಅದನ್ನು ಒಪ್ಪುವುದೋ ಬಿಡುವುದೋ ಆಗ ಕಂಪನಿಯ ಇಷ್ಟ. "ಆಗಸ್ಟ್‌ಗೆ ಬಿಟ್ಟರೆ ಮಾತ್ರ ಬರ್ತೀನಿ" ಎಂದು ಬರೆದ ಹುಡುಗನ ಪತ್ರವನ್ನು ನಮ್ಮ ಆಫೀಸಿನಲ್ಲಿ "ಒಪ್ಪಿಲ್ಲ" ಎನ್ನುವ ಕಡತಕ್ಕೆ ಹಾಕಿ, ಎರಡನೇ ಸ್ಥಾನದಲ್ಲಿದ್ದವನಿಗೆ ಫೋನ್ ಮಾಡಿದ್ದನ್ನು ನಾನೇ ನೋಡಿದ್ದೇನೆ. ಅವನು ಕೇಳಿದ್ದು ಬರೀ ಮೂರು ವಾರ!

ಹಾಗಾಗಿ ಪತ್ರದಲ್ಲಿ ಎರಡು ಮಾತು ಬೇರೆಬೇರೆಯಾಗಿ ಇರಬೇಕು. ಒಪ್ಪಿಗೆ ಒಂದು ಕಡೆ, ದಿನಾಂಕದ ವಿನಂತಿ ಇನ್ನೊಂದು ಕಡೆ. ಇವೆರಡರ ನಡುವೆ "ಆದರೆ ಮಾತ್ರ", "ಇಲ್ಲದಿದ್ದರೆ" ಎನ್ನುವ ಪದಗಳು ನುಸುಳಬಾರದು.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಪತ್ರ ಶುರು ಮಾಡುವ ಮೊದಲು, ನಿಜವಾಗಿ ಯಾವ ದಿನ ಬಿಡುಗಡೆ ಆಗುತ್ತೀರಿ ಎಂಬುದನ್ನು ಬೆರಳಿಟ್ಟು ಎಣಿಸಿ. ಅಂದಾಜು ಬೇಡ. ಈಗಿನ ಕೆಲಸದ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಟಿಸ್ ಎಷ್ಟು ದಿನ, ಅದು ಯಾವಾಗಿನಿಂದ ಲೆಕ್ಕ ಎಂದು ಓದಿ. "ಎರಡು ತಿಂಗಳು" ಮತ್ತು "60 ದಿನ" ಒಂದೇ ಅಲ್ಲ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ ಎನ್ನುವ ನಿಯಮ ಬಹಳ ಕಡೆ ಇರುತ್ತದೆ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಿಕೊಳ್ಳುವುದನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಒಪ್ಪುತ್ತಾರೆ ಎಂದು ನಂಬಿ ಲೆಕ್ಕ ಹಾಕಬೇಡಿ.

ಅಕ್ಕನ ಮಗನ ಲೆಕ್ಕ ಹೀಗಿತ್ತು. ಹೊಸ ಕಂಪನಿಯ ಉತ್ತರ ಬರಲು ನಾಲ್ಕೈದು ದಿನ ಬೇಕು ಅಂದುಕೊಂಡೆವು. ಅಂದರೆ ರಾಜೀನಾಮೆ ಜೂನ್ 10ಕ್ಕೆ. ಅವನ ಕಂಪನಿಯಲ್ಲಿ ಮರುದಿನದಿಂದ ಎಣಿಕೆ. ಜೂನ್ 11ರಿಂದ 30ರವರೆಗೆ 20 ದಿನ, ಜುಲೈನಲ್ಲಿ 31, ಒಟ್ಟು 51. ಉಳಿದ 9 ಆಗಸ್ಟ್‌ನಲ್ಲಿ. ಆಗಸ್ಟ್ 9, ಭಾನುವಾರಕ್ಕೆ 60 ದಿನ ಮುಗಿಯುತ್ತದೆ.

ಹಾಗಾದರೆ ಆಗಸ್ಟ್ 10 ಕೇಳಬೇಕಾ? "ಕೇಳಿಬಿಡೋಣ ಮಾಮ, ಸುಮ್ನೆ ಅವರಿಗೆ ಯಾಕೆ ತೊಂದರೆ" ಅಂದ. ನಾನು ಬೇಡ ಅಂದೆ. ಹೊಸ ಕಂಪನಿಯ ಉತ್ತರ ಮೂರು ದಿನ ತಡವಾದರೆ ಎಲ್ಲವೂ ಮೂರು ದಿನ ಜಾರುತ್ತದೆ. ತುಮಕೂರಿನಿಂದ ನರಸಾಪುರ ಬೆಂಗಳೂರಿನ ಆಚೆ ಇದೆ. ದಿನಾ ಓಡಾಡುವ ದೂರವಲ್ಲ, ರೂಮು ಹುಡುಕಬೇಕು. ಒಂದು ಸಲ ಮುಂದೂಡಿಸಿಕೊಂಡು ಮತ್ತೆ "ಇನ್ನೊಂದು ನಾಲ್ಕು ದಿನ" ಎಂದು ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು. ಮೊದಲ ಸಲ ಎಚ್‌ಆರ್‌ನವರು ನಿಮ್ಮ ಪರವಾಗಿ ಮ್ಯಾನೇಜರ್ ಹತ್ತಿರ ಮಾತಾಡಿರುತ್ತಾರೆ. ಎರಡನೇ ಸಲ ಅವರ ಮುಖಕ್ಕೂ ಬೆಲೆ ಇರುವುದಿಲ್ಲ. ಆದ್ದರಿಂದ ಒಂದು ವಾರ ಸೇರಿಸಿ ಆಗಸ್ಟ್ 17, ಸೋಮವಾರ ಎಂದು ಗೊತ್ತು ಮಾಡಿದೆವು.

ಕ್ಯಾಲೆಂಡರ್ ನೋಡುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವನು ಈ ಕೆಲಸಕ್ಕೆ ಸೇರಿದ್ದು 2021ರ ಜುಲೈ 26ಕ್ಕೆ. ಅಂದರೆ 2026ರ ಜುಲೈ 25ಕ್ಕೆ ಐದು ವರ್ಷ ತುಂಬುತ್ತದೆ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣ ಕಾಯಂ ನೌಕರರಿಗೆ ಸಿಗಲು ಐದು ವರ್ಷದ ಸತತ ಸೇವೆ ಬೇಕು. ಗ್ರಾಚ್ಯುಟಿಯ ಲೆಕ್ಕ ಗೊತ್ತಲ್ಲ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಬೇಕು. ಅವನಿಗೆ ಮೂಲ ವೇತನ, ತುಟ್ಟಿಭತ್ಯೆ ಎರಡೂ ಸೇರಿ ತಿಂಗಳಿಗೆ 18,000 ಇತ್ತು. ಐದು ವರ್ಷಕ್ಕೆ ಸುಮಾರು 52 ಸಾವಿರ ರೂಪಾಯಿ ಆಯಿತು. ಉಳಿದ ನೋಟಿಸ್ ದಿನಗಳ ಹಣ ಕಟ್ಟಿ ಜೂನ್ 30ಕ್ಕೇ ಬಿಟ್ಟುಬಂದಿದ್ದರೆ ಆ ಹಣಕ್ಕಾಗಿ ವಾದ ಮಾಡುತ್ತಾ ಕೂರಬೇಕಾಗುತ್ತಿತ್ತು. ನೀವೂ ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿದ್ದರೆ ಇದನ್ನು ನೋಡಿಕೊಳ್ಳಿ. ಪತ್ರದಲ್ಲಿ ಮಾತ್ರ ಇದರ ಸುದ್ದಿ ಎತ್ತಬೇಡಿ. ಹಳೇ ಕಂಪನಿಯ ಹಣದ ಲೆಕ್ಕ ಹೊಸಬರಿಗೆ ಬೇಕಾಗಿಲ್ಲ.

ಪತ್ರಕ್ಕಿಂತ ಮುಂಚೆ ಒಂದು ಫೋನ್

ಆಫರ್ ಕಳಿಸಿದವರಿಗೆ ಮೊದಲು ಫೋನ್ ಮಾಡಿ. ಎಚ್‌ಆರ್‌ನಲ್ಲಿ ಕೂತವರಿಗೆ ಇದ್ದಕ್ಕಿದ್ದಂತೆ ಮೇಲ್‌ನಲ್ಲಿ ಬರುವ ವಿನಂತಿ ಇಷ್ಟವಾಗುವುದಿಲ್ಲ. ಅದನ್ನು ಹಾಗೇ ಮೇಲಕ್ಕೆ ಕಳಿಸಿಬಿಡುತ್ತಾರೆ, ಮೇಲಿನವರು "ಆಗಲ್ಲ" ಅಂದರೆ ಮುಗಿಯಿತು. ಫೋನಿನಲ್ಲಿ ಕೇಳಿದರೆ ಅವರೇ ದಾರಿ ಹೇಳುತ್ತಾರೆ. ಅಕ್ಕನ ಮಗ ಶುಕ್ರವಾರ ಬೆಳಿಗ್ಗೆ ಮಾಡಿದ. ಎರಡು ಉಪಯೋಗದ ವಿಷಯ ಸಿಕ್ಕಿತು. ಹೊಸಬರನ್ನು ಹೆಚ್ಚಾಗಿ ಸೋಮವಾರವೇ ಸೇರಿಸಿಕೊಳ್ಳುತ್ತಾರೆ. ಆಗಸ್ಟ್ ಅಂದರೆ ಪ್ಲಾಂಟ್ ಮ್ಯಾನೇಜರ್ ಒಪ್ಪಬೇಕು. "ಬರೆದು ಕಳಿಸಿ ಸರ್, ಕೇಳಿ ನೋಡ್ತೀನಿ" ಅಂದರಂತೆ. ಇಷ್ಟು ಸಾಕು.

ಫೋನಿನಲ್ಲಿ ಸಿಕ್ಕ "ಆಯ್ತು" ಎನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಅದು ಪತ್ರಕ್ಕೆ ದಾರಿ ಅಷ್ಟೇ.

ಕೆಲವು ಕಂಪನಿಗಳು ಆಫರನ್ನು ಒಂದು ಲಿಂಕ್‌ನಲ್ಲಿ ಕಳಿಸುತ್ತವೆ. ಕೆಳಗೆ Accept ಎಂಬ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಪತ್ರದಲ್ಲಿದ್ದ ದಿನಾಂಕಕ್ಕೂ ಒಪ್ಪಿದ ಹಾಗೆಯೇ. ಫೋನ್ ಮಾಡಿ ಉತ್ತರ ಬರುವವರೆಗೆ ಒತ್ತಬೇಡಿ. ಕಾಗದದ ಪ್ರತಿಯಾದರೆ ಕೊನೆಯಲ್ಲಿ "ನಾನು ____ ರಂದು ಸೇರುತ್ತೇನೆ" ಎಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ನಿಮ್ಮ ದಿನಾಂಕವನ್ನು ನೀವೇ ತುಂಬಿ ಸಹಿ ಹಾಕಿ ಕಳಿಸುವುದು ಜಾಣತನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಆಫರ್ ಲೆಟರನ್ನು ತಿದ್ದಿದ ಹಾಗೆ ಕಾಣುತ್ತದೆ. ಆ ಜಾಗ ಖಾಲಿಯೇ ಇರಲಿ, ಸಹಿಯೂ ಈಗ ಬೇಡ.

ಪತ್ರ

ನಮ್ಮ ಕಡೆ ಕಾರ್ಖಾನೆ, ಕಂಪನಿಗಳಿಗೆ ಇಂಥ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹೋಗುತ್ತದೆ. ಶಾಲೆ, ಸಹಕಾರ ಸಂಘಗಳಿಗಾದರೆ ಕನ್ನಡದಲ್ಲೂ ನಡೆಯುತ್ತದೆ. ಅವನದನ್ನು ನಾವು ಮೊದಲು ಕನ್ನಡದಲ್ಲಿ ಬರೆದೇ ಆಮೇಲೆ ಇಂಗ್ಲಿಷಿಗೆ ತಂದೆವು. ಯಾವ ವಾಕ್ಯ ಯಾವ ಕೆಲಸ ಮಾಡುತ್ತಿದೆ ಎಂದು ಕನ್ನಡದಲ್ಲಿ ಬೇಗ ಗೊತ್ತಾಗುತ್ತದೆ. ಆಫರ್ ಬಂದ ಮೇಲ್‌ಗೇ ಉತ್ತರವಾಗಿ ಇದನ್ನು ಕಳಿಸಿದ:

ವಿಷಯ: ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ಒಪ್ಪಿಗೆ ಮತ್ತು ಸೇರುವ ದಿನಾಂಕದ ಬಗ್ಗೆ ವಿನಂತಿ

ಮಾನ್ಯರೇ,

ಜೂನ್ 4, 2026ರ ನಿಮ್ಮ ಆಫರ್ ಲೆಟರ್ ತಲುಪಿದೆ. ನರಸಾಪುರ ಘಟಕದ ಕ್ವಾಲಿಟಿ ಇಂಜಿನಿಯರ್ ಹುದ್ದೆಯನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಪತ್ರದಲ್ಲಿ ತಿಳಿಸಿರುವ ಸಂಬಳ, ಕೆಲಸದ ಸ್ಥಳ ಮತ್ತು ಉಳಿದ ಷರತ್ತುಗಳಿಗೆ ನನ್ನ ಒಪ್ಪಿಗೆ ಇದೆ.

ಸೇರುವ ದಿನಾಂಕದ ಬಗ್ಗೆ ಒಂದು ವಿನಂತಿ. ಪತ್ರದಲ್ಲಿ ಜುಲೈ 1 ಎಂದಿದೆ. ಈಗಿನ ಕೆಲಸದಲ್ಲಿ ನನಗೆ 60 ದಿನಗಳ ನೋಟಿಸ್ ಇದೆ. ಜೂನ್ 10ಕ್ಕೆ ರಾಜೀನಾಮೆ ಕೊಟ್ಟರೆ ಅದು ಆಗಸ್ಟ್ 9ಕ್ಕೆ ಮುಗಿಯುತ್ತದೆ. ಆದ್ದರಿಂದ ಸೇರುವ ದಿನವನ್ನು ಆಗಸ್ಟ್ 17, ಸೋಮವಾರಕ್ಕೆ ಬದಲಾಯಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ವೈದ್ಯಕೀಯ ತಪಾಸಣೆ ಮತ್ತು ದಾಖಲೆಗಳ ಕೆಲಸವನ್ನು ಅಷ್ಟರೊಳಗೆ ಮುಗಿಸಿಕೊಡುತ್ತೇನೆ. ಅದಕ್ಕಾಗಿ ಯಾವುದಾದರೂ ವಾರದ ರಜೆಯ ದಿನ ನರಸಾಪುರಕ್ಕೆ ಬರಬಲ್ಲೆ. ಈಗಿನ ಕಂಪನಿಯಲ್ಲಿ ವಿಚಾರಿಸುವುದಿದ್ದರೆ ನಾನು ರಾಜೀನಾಮೆ ಕೊಟ್ಟ ನಂತರ ವಿಚಾರಿಸಬೇಕೆಂದು ಕೋರುತ್ತೇನೆ.

ಹೊಸ ದಿನಾಂಕವಿರುವ ಆಫರ್ ಲೆಟರ್ ಬಂದ ದಿನವೇ ಸಹಿ ಮಾಡಿ ಕಳಿಸುತ್ತೇನೆ. ಈ ದಿನಾಂಕ ಹೊಂದದಿದ್ದರೆ ದಯವಿಟ್ಟು ಒಂದು ಫೋನ್ ಮಾಡಿ.

ಇಂತಿ,
(ಹೆಸರು, ಮೊಬೈಲ್ ನಂಬರ್)

ಒಪ್ಪಿಗೆ ಮೊದಲ ಪ್ಯಾರಾದಲ್ಲೇ ಮುಗಿದುಹೋಗಿದೆ ನೋಡಿ. ಅಲ್ಲಿ ದಿನಾಂಕದ ಮಾತೇ ಇಲ್ಲ. ಮ್ಯಾನೇಜರ್ ಬರೀ ಮೊದಲ ಮೂರು ಸಾಲು ಓದಿ ಮೇಲ್ ಮುಚ್ಚಿದರೂ "ಹುಡುಗ ಬರ್ತಾನೆ" ಎಂಬುದು ಅವರ ತಲೆಗೆ ಹೋಗಿರುತ್ತದೆ. ಆಫರ್‌ನ ತಾರೀಖನ್ನೂ ಹುದ್ದೆಯ ಹೆಸರನ್ನೂ ಬರೆದಿರುವುದಕ್ಕೆ ಕಾರಣ ಇದೆ. ಒಂದೇ ವಾರ ಹತ್ತು ಆಫರ್ ಕಳಿಸಿದವರಿಗೆ ಇದು ಯಾವುದಕ್ಕೆ ಉತ್ತರ ಎಂದು ಹುಡುಕುವ ಕೆಲಸ ಇರಬಾರದು.

ಎರಡನೇ ಪ್ಯಾರಾದಲ್ಲಿ ಕಾರಣ ಒಂದೇ. ಅದೂ ಲೆಕ್ಕದ ಸಮೇತ. "ಕೆಲವು ವೈಯಕ್ತಿಕ ಕಾರಣಗಳಿಂದ" ಎಂದು ಬರೆದರೆ ಓದುವವರಿಗೆ ಮೊದಲು ಬರುವ ಅನುಮಾನ, ಇವನು ಬೇರೆ ಕಡೆ ಇನ್ನೊಂದು ಆಫರ್‌ಗೆ ಕಾಯುತ್ತಿದ್ದಾನೆ ಎಂಬುದು. ನೋಟಿಸ್ ಲೆಕ್ಕ ಕೊಟ್ಟರೆ ಆ ಅನುಮಾನಕ್ಕೆ ಜಾಗ ಇರುವುದಿಲ್ಲ. ಯಾರೂ ಬಿಡಿಸಿ ಕೇಳುವುದೂ ಇಲ್ಲ. ಮನೆಯಲ್ಲಿ ಮದುವೆ, ಆಸ್ಪತ್ರೆ ಇದ್ದರೂ ಹಾಗೇ, ಒಂದು ಸಾಲು ಸಾಕು. ಇಲ್ಲದ ಮದುವೆಯನ್ನಂತೂ ಸೃಷ್ಟಿಸಬೇಡಿ. ಸೇರಿದ ಮೇಲೆ ಯಾರಾದರೂ ಫೋಟೋ ತೋರಿಸಿ ಅಂದೇ ಅನ್ನುತ್ತಾರೆ.

ದಿನಾಂಕವೂ ಒಂದೇ. "ಆಗಸ್ಟ್ ಎರಡನೇ ವಾರದಲ್ಲಿ" ಅಥವಾ "10ರಿಂದ 20ರ ಒಳಗೆ" ಎಂದು ಬರೆದರೆ ಅವರು ತಮಗೆ ಬೇಕಾದ ತುದಿಯನ್ನೇ ಹಿಡಿಯುತ್ತಾರೆ. ಇದಕ್ಕಿಂತ ಮುಂಚೆ ಬೇಕೆಂದರೆ ನಿಮಗೆ ಆಗುವ ಇನ್ನೊಂದು ದಿನ ಮನಸ್ಸಿನಲ್ಲಿರಲಿ, ಪತ್ರದಲ್ಲಿ ಬೇಡ.

ಈಗಿನ ಕಂಪನಿಯಲ್ಲಿ ವಿಚಾರಿಸುವ ಬಗ್ಗೆ ಇರುವ ಸಾಲನ್ನು ಬಿಡಬೇಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ನಿಮ್ಮ ರಾಜೀನಾಮೆಗಿಂತ ಮೊದಲೇ ಹಳೇ ಆಫೀಸಿಗೆ ಫೋನ್ ಮಾಡಿಬಿಟ್ಟರೆ, ನೀವು ಹೇಳುವ ಮುಂಚೆಯೇ ಸೂಪರ್‌ವೈಸರ್‌ಗೆ ಸುದ್ದಿ ಮುಟ್ಟಿರುತ್ತದೆ.

ಸಂಬಳ ಸ್ವಲ್ಪ ಜಾಸ್ತಿ ಮಾಡಿ, ಶಿಫ್ಟ್ ಬದಲಾಯಿಸಿ ಎಂಬ ಮಾತುಗಳೂ ಇದೇ ಪತ್ರದಲ್ಲಿ ಬೇಡ. ನೋಟಿಸ್ ಹಣವನ್ನು ಹೊಸ ಕಂಪನಿ ಕಟ್ಟುತ್ತದಾ ಎಂದು ಕೇಳುವುದಿದ್ದರೆ ಅದು ಫೋನಿನ ಮಾತು. ಎರಡು ವಿನಂತಿ ಒಟ್ಟಿಗೆ ಹೋದರೆ ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಹಾಕುತ್ತಾರೆ. ಕೊಡುವುದು ನಿಮಗೆ ಬೇಕಾದದ್ದೇ ಆಗಿರುತ್ತದೆ ಅನ್ನುವ ಹಾಗಿಲ್ಲ.

ಉತ್ತರ ಬರುವವರೆಗೆ ರಾಜೀನಾಮೆ ಬೇಡ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಪತ್ರ ಹೋಯಿತು, ಫೋನಿನಲ್ಲಿ "ನೋಡೋಣ, ಆಗುತ್ತೆ" ಅಂದರು, ಖುಷಿಯಲ್ಲಿ ಅವತ್ತೇ ರಾಜೀನಾಮೆ ಕೊಟ್ಟುಬಿಡುತ್ತಾರೆ. ಹುದ್ದೆ, ಸಂಬಳ ಎಲ್ಲಕ್ಕೂ ನೀವು ಒಪ್ಪಿದ್ದೀರಿ ನಿಜ. ಆದರೆ ದಿನಾಂಕದ ವಿಷಯದಲ್ಲಿ ಇನ್ನೂ ಇಬ್ಬರಿಗೂ ಒಂದೇ ಮಾತು ಆಗಿಲ್ಲ. ನಿಮ್ಮ ಕೈಯಲ್ಲಿರುವ ಆಫರ್ ಲೆಟರ್ ಜುಲೈ 1 ಅನ್ನುತ್ತಿದೆ. ಅವತ್ತು ನೀವು ಬರದಿದ್ದರೆ ಆಫರ್ ತಾನಾಗಿ ರದ್ದಾಗುತ್ತದೆ ಎಂಬ ಸಾಲು ಎಷ್ಟೋ ಪತ್ರಗಳಲ್ಲಿ ಇರುತ್ತದೆ, ಹುಡುಕಿ ನೋಡಿ. ಹಳೇ ಕೆಲಸ ಬಿಟ್ಟಾಗಿದೆ, ಹೊಸದರ ಕಾಗದದಲ್ಲಿ ತಪ್ಪು ತಾರೀಖು ಇದೆ. ಆಗ ನಿಮ್ಮ ಮಾತಿಗೆ ಯಾವ ಆಧಾರವೂ ಇರುವುದಿಲ್ಲ.

ಹೊಸ ತಾರೀಖು ಇರುವ ಆಫರ್ ಲೆಟರ್ ಬಂದರೆ ಒಳ್ಳೆಯದು. ಅದು ಆಗದಿದ್ದರೆ ಕಂಪನಿಯ ಮೇಲ್ ವಿಳಾಸದಿಂದ "ನೀವು ಇಂಥ ದಿನ ಸೇರಬಹುದು, ಉಳಿದ ಷರತ್ತುಗಳು ಹಾಗೇ ಇರುತ್ತವೆ" ಎಂಬ ಒಂದು ಮೇಲ್ ಆದರೂ ಬರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಹೆಬ್ಬೆರಳಿನ ಚಿತ್ರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಫರ್ ಒಪ್ಪಲು ಕೊನೆಯ ದಿನ ಯಾವುದು ಎಂಬುದನ್ನೂ ಗಮನದಲ್ಲಿಡಿ. ಅವನಿಗೆ ಜೂನ್ 9ರವರೆಗೆ ಕಾಲ ಕೊಟ್ಟಿದ್ದರು. ಪತ್ರ 5ಕ್ಕೇ ಹೋಗಿದ್ದರಿಂದ ಮಾತುಕತೆಗೆ ನಾಲ್ಕು ದಿನ ಸಿಕ್ಕಿತು. ಕೊನೆಯ ದಿನದ ಸಂಜೆ ಐದಕ್ಕೆ ಕಳಿಸಿದರೆ ಅವರಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. "ಇಲ್ಲ" ಅನ್ನುವುದೇ ಸುಲಭ.

ಅವರು ನಡುವೆ ಬೇರೆ ದಿನ ಹೇಳಿದರೆ

ಸೋಮವಾರ, ಜೂನ್ 8ರಂದು ಎಚ್‌ಆರ್‌ನವರು ಫೋನ್ ಮಾಡಿದರು. "17 ಕಷ್ಟ. ಆಗಸ್ಟ್ 10ಕ್ಕೆ ಬರೋಕಾಗುತ್ತಾ?" ಇವನು ತಕ್ಷಣ ಹೂಂ ಅನ್ನಲಿಲ್ಲ. "ಒಂದು ಗಂಟೆ ಕೊಡಿ ಮೇಡಂ, ಲೆಕ್ಕ ಹಾಕಿ ಹೇಳ್ತೀನಿ" ಅಂದ. ಅದು ಸರಿಯಾದ ಉತ್ತರ.

ಲೆಕ್ಕ ಮತ್ತೆ ಹಾಕಿದೆವು. ಜೂನ್ 10ರ ಬದಲು 9ಕ್ಕೇ ರಾಜೀನಾಮೆ ಕೊಟ್ಟರೆ ಎಣಿಕೆ 10ರಿಂದ ಶುರು. ಜೂನ್‌ನಲ್ಲಿ 21, ಜುಲೈನಲ್ಲಿ 31, ಆಗಸ್ಟ್‌ನಲ್ಲಿ 8. ಆಗಸ್ಟ್ 8, ಶನಿವಾರಕ್ಕೆ ಸರಿಯಾಗಿ 60. ಭಾನುವಾರ ರೂಮಿಗೆ ಸಾಮಾನು, ಸೋಮವಾರ ಹೊಸ ಕೆಲಸ. ಗ್ರಾಚ್ಯುಟಿಯ ಐದು ವರ್ಷಕ್ಕೂ ತೊಂದರೆ ಇಲ್ಲ. ಆದರೆ ಒಂದು ದಿನವೂ ಜಾರುವ ಹಾಗಿಲ್ಲ. ಅಂದರೆ ಹೊಸ ಪತ್ರ 9ನೇ ತಾರೀಖಿಗೇ ಕೈಗೆ ಬರಬೇಕು.

ಉಳಿದ ತೊಡಕು ರಿಲೀವಿಂಗ್ ಲೆಟರ್‌ನದು. ಶನಿವಾರ ಬಿಟ್ಟವನಿಗೆ ಸೋಮವಾರ ಬೆಳಿಗ್ಗೆಯೊಳಗೆ ಅದನ್ನು ಯಾರು ಕೊಡುತ್ತಾರೆ? ಹಳೇ ಕಂಪನಿಯ ಲೆಕ್ಕ ಚುಕ್ತಾ ಆಗಿ ಪತ್ರ ಬರಲು ದಿನಗಳೇ ಬೇಕು. ಅದಕ್ಕೆ ಎರಡನೇ ಮೇಲ್ ಹೀಗೆ ಬರೆದ: "ಫೋನಿನಲ್ಲಿ ಮಾತಾಡಿದಂತೆ ಆಗಸ್ಟ್ 10, ಸೋಮವಾರ ಸೇರಲು ನನಗೆ ಒಪ್ಪಿಗೆ. ಅವತ್ತು ರಾಜೀನಾಮೆ ಅಂಗೀಕಾರವಾದ ಮೇಲ್‌ನ ಪ್ರತಿ ತರುತ್ತೇನೆ. ರಿಲೀವಿಂಗ್ ಲೆಟರನ್ನು ಬಂದ ಕೂಡಲೇ ಸಲ್ಲಿಸುತ್ತೇನೆ. ಇದು ಸಾಕೇ ಎಂದು ತಿಳಿಸಿ. ಹೊಸ ದಿನಾಂಕದ ಆಫರ್ ಲೆಟರ್ ನಾಳೆಯೇ ಸಿಕ್ಕರೆ ನಾಳೆಯೇ ರಾಜೀನಾಮೆ ಕೊಡುತ್ತೇನೆ." ಕೊನೆಯ ಸಾಲು ಅವರನ್ನು ಅವಸರಪಡಿಸುವ ಸಾಲು. ಆದರೆ ಹಾಗೆ ಕಾಣುವುದಿಲ್ಲ, ಅಲ್ವಾ? ಮಂಗಳವಾರ ಮಧ್ಯಾಹ್ನ ಪತ್ರ ಬಂತು. ಸಹಿ ಹಾಕಿ ವಾಪಸ್ ಕಳಿಸಿ, ಸಂಜೆ ರಾಜೀನಾಮೆ ಕೊಟ್ಟ.

ಪೂರ್ತಿ "ಇಲ್ಲ, ಜುಲೈ 1ಕ್ಕೇ ಬೇಕು" ಅಂದಿದ್ದರೆ? ಆಗ ಉಳಿಯುವುದು ಎರಡೇ ದಾರಿ. ಹಳೇ ಕಂಪನಿ ಒಪ್ಪಿದರೆ ಉಳಿದ ನೋಟಿಸ್ ದಿನಗಳ ಹಣ ಕಟ್ಟಿ ಬೇಗ ಬಿಡುವುದು, ಇಲ್ಲವೇ ಆಫರ್ ಬಿಡುವುದು. ಹಣ ಕಟ್ಟುವುದಾದರೆ ಮೂಲ ವೇತನದ ಲೆಕ್ಕವೋ ಪೂರ್ತಿ ಸಂಬಳದ ಲೆಕ್ಕವೋ ಎಂದು ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಡಿ, ಎರಡಕ್ಕೂ ಬಹಳ ವ್ಯತ್ಯಾಸ. ಹೇಳದೆ ಕೇಳದೆ ಹಳೇ ಕೆಲಸ ಬಿಟ್ಟು ಹೊಸದಕ್ಕೆ ಹೋಗಿಬಿಡುವ ಮೂರನೇ ದಾರಿ ಹಿಡಿಯಬೇಡಿ. ಪಿಎಫ್ ಖಾತೆಯಲ್ಲಿ ಒಂದೇ ಯುಎಎನ್ ನಂಬರಿನ ಕೆಳಗೆ ಎರಡೂ ಕಂಪನಿಯ ದಿನಾಂಕಗಳು ಕಾಣುತ್ತವೆ. ಹಳೆಯದು ಮುಗಿಯುವ ಮೊದಲೇ ಹೊಸದು ಶುರುವಾಗಿದ್ದರೆ ಪಿಎಫ್ ವರ್ಗಾವಣೆ ಮಾಡಿಸುವಾಗ ವಿವರಣೆ ಕೊಡಬೇಕಾಗಿ ಬರಬಹುದು.

ಇದೇ ಮೊದಲ ಕೆಲಸವಾದರೆ ನೋಟಿಸ್ ಲೆಕ್ಕ ಇರುವುದಿಲ್ಲ. ಕಾರಣ ಸಾಮಾನ್ಯವಾಗಿ ಕೊನೆಯ ಸೆಮಿಸ್ಟರ್ ಪರೀಕ್ಷೆಯದು. ಪರೀಕ್ಷೆ ಮುಗಿಯುವ ದಿನದ ಮೇಲೆ ತಾರೀಖು ಕೇಳಿ, ಮಾರ್ಕ್ಸ್ ಕಾರ್ಡ್ ಬರುವ ದಿನದ ಮೇಲೆ ಬೇಡ. ಅದು ಯಾವಾಗ ಬರುತ್ತದೆ ಎಂದು ಕಾಲೇಜಿನವರಿಗೇ ಗೊತ್ತಿರುವುದಿಲ್ಲ. ವೇಳಾಪಟ್ಟಿಯ ಪ್ರತಿ ಲಗತ್ತಿಸಿದರೆ ಬೇರೆ ವಿವರಣೆ ಬೇಕಾಗಿಲ್ಲ. ಸರ್ಕಾರಿ ನೇಮಕಾತಿ ಆದೇಶದ ದಾರಿ ಬೇರೆ. ಅಲ್ಲಿ ಎಷ್ಟು ದಿನದೊಳಗೆ ಹಾಜರಾಗಬೇಕು, ಕಾಲಾವಕಾಶ ಬೇಕಾದರೆ ಯಾರಿಗೆ ಅರ್ಜಿ ಹಾಕಬೇಕು ಎಂದು ಆ ಆದೇಶವನ್ನೇ ಓದಿ ನಡೆಯಬೇಕು.

ಪತ್ರ ಬಂದ ಮೇಲಿನ ಎರಡು ತಿಂಗಳು ಪೂರ್ತಿ ಸುಮ್ಮನಿರಬೇಡಿ. ಅಕ್ಕನ ಮಗ ಜುಲೈ ಮಧ್ಯದಲ್ಲಿ ಒಂದು ಸಲ, ಆಗಸ್ಟ್ 3ಕ್ಕೆ ಇನ್ನೊಂದು ಸಲ ಎರಡು ಸಾಲಿನ ಮೇಲ್ ಹಾಕಿದ: ರಾಜೀನಾಮೆ ಅಂಗೀಕಾರವಾಗಿದೆ, 10ಕ್ಕೆ ಬರುತ್ತೇನೆ ಎಂದು. ಅಷ್ಟು ದಿನ ಕುರ್ಚಿ ಖಾಲಿ ಇಟ್ಟುಕೊಂಡವರಿಗೆ, ಇವನು ಕೈಕೊಡುತ್ತಾನೇನೋ ಎಂಬ ಅಳುಕು ಇದ್ದೇ ಇರುತ್ತದೆ.

10ಕ್ಕೆ ಸೇರಿದ. ರಿಲೀವಿಂಗ್ ಲೆಟರ್ ತಿಂಗಳ ಕೊನೆಗೆ ಬಂತು, ಕಳಿಸಿಕೊಟ್ಟ. ಬೇಜಾರಾಗಿದ್ದು ಅಕ್ಕನಿಗೆ ಮಾತ್ರ. ನಾವು ಮೊದಲು ಕೇಳಿದ್ದ 17 ಶ್ರಾವಣದ ನಾಗರ ಪಂಚಮಿ. ಸಿಕ್ಕಿದ್ದು ಭೀಮನ ಅಮಾವಾಸ್ಯೆಗೆ ಎರಡೇ ದಿನ ಇರುವಾಗ, ಅಪ್ಪಟ ಆಷಾಢದಲ್ಲಿ. "ಇನ್ನು ಮೂರು ದಿನ ಕೇಳೋಕೆ ನಿಮ್ಮಿಬ್ಬರಿಗೂ ಬಾಯಿ ಬರಲಿಲ್ವಾ?" ಅಂತ ಈಗಲೂ ಕೇಳುತ್ತಾಳೆ.